120 ಚದರ ಮೀಟರ್ ತಾರಸಿಗೆ ಇಂಗುಗುಂಡಿ: ಗಾತ್ರದ ಲೆಕ್ಕ, ಪದರಗಳ ಜೋಡಣೆ

ತಾರಸಿ 12 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ 120 ಚದರ ಮೀಟರ್. ಇಳಿಜಾರು ಚಾವಣಿಯಾದರೂ ಹೆಂಚಿನ ಮೇಲ್ಮೈ ಅಳೆಯಬೇಕಿಲ್ಲ, ಅದು ನೆಲದ ಮೇಲೆ ಎಷ್ಟು ಜಾಗ ಮುಚ್ಚುತ್ತದೋ ಅಷ್ಟನ್ನೇ ಹಿಡಿದರೆ ಸಾಕು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಗುಂಡಿಯ ಗಾತ್ರವನ್ನು ವರ್ಷದ ಮಳೆ ನೋಡಿ ನಿರ್ಧರಿಸುವುದಲ್ಲ. ಒಂದೇ ಜೋರುಮಳೆಯಲ್ಲಿ ಕಾಲು ಗಂಟೆಗೆ ಎಷ್ಟು ನೀರು ನುಗ್ಗುತ್ತದೆ ಎನ್ನುವುದೇ ಮುಖ್ಯ, ಏಕೆಂದರೆ ಅಷ್ಟು ಹೊತ್ತಿನಲ್ಲಿ ಮಣ್ಣು ಕುಡಿಯುವ ನೀರು ತೀರಾ ಕಡಿಮೆ. ನಾನು 15 ನಿಮಿಷಕ್ಕೆ 25 ಮಿಲಿಮೀಟರ್ ಎಂದು ಹಿಡಿದೆ. 120 × 25 ಅಂದರೆ 3,000 ಲೀಟರ್. ಕಾಂಕ್ರೀಟ್ ತಾರಸಿ ಸ್ವಲ್ಪ ಹೀರಿಕೊಳ್ಳುತ್ತದೆ, ಸ್ವಲ್ಪ ಅಲ್ಲಲ್ಲೇ ನಿಲ್ಲುತ್ತದೆ. ಅದಕ್ಕಾಗಿ 0.85ರಿಂದ ಗುಣಿಸಿದರೆ 2,550 ಲೀಟರ್ ಉಳಿಯುತ್ತದೆ. ಗುಂಡಿ ಹಿಡಿಯಬೇಕಾದ್ದು ಇಷ್ಟು.

ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. 2,550 ಲೀಟರ್ ಅಂದರೆ ಎರಡೂವರೆ ಘನ ಮೀಟರ್, ಅಷ್ಟು ಅಗೆದರಾಯಿತು ಎಂದುಕೊಳ್ಳುತ್ತಾರೆ. ಆದರೆ ಅಗೆದ ಜಾಗವನ್ನು ನಾವು ಕಲ್ಲಿನಿಂದಲೇ ತುಂಬುತ್ತೇವೆ. ನೀರಿಗೆ ಸಿಗುವುದು ಕಲ್ಲುಗಳ ನಡುವಿನ ಸಂದು ಮಾತ್ರ. ಒಂದೇ ಗಾತ್ರದ ದಪ್ಪಗಲ್ಲು ಅಥವಾ ಜಲ್ಲಿಯಲ್ಲಿ ಈ ಸಂದು ಸುಮಾರು ಶೇ. 40, ದಪ್ಪ ಮರಳಿನಲ್ಲಿ ಶೇ. 33ರ ಆಸುಪಾಸು. ಹಾಗಾಗಿ ನಾನು ಅಗೆಸಿದ್ದು ಒಂದೂವರೆ ಮೀಟರ್ ಉದ್ದ, ಅಷ್ಟೇ ಅಗಲ, 2.4 ಮೀಟರ್ ಆಳ. ಒಟ್ಟು 5.4 ಘನ ಮೀಟರ್. ಬೇಕಾದ ನೀರಿನ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು.

ತಳದಿಂದ ಮೇಲಕ್ಕೆ ಬಂದರೆ ಪದರಗಳು ಹೀಗಿವೆ. ಮೊದಲು 100ರಿಂದ 150 ಮಿಲಿಮೀಟರ್ ಗಾತ್ರದ ದಪ್ಪಗಲ್ಲು, 1.2 ಮೀಟರ್ ಎತ್ತರಕ್ಕೆ. ಇದರ ಸಂದಿನಲ್ಲಿ 1,080 ಲೀಟರ್ ನಿಲ್ಲುತ್ತದೆ. ಅದರ ಮೇಲೆ 40 ಮಿಲಿಮೀಟರ್ ಜಲ್ಲಿ 30 ಸೆಂಟಿಮೀಟರ್, 270 ಲೀಟರ್. ಆಮೇಲೆ 10 ಮಿಲಿಮೀಟರ್ ಜಲ್ಲಿ 20 ಸೆಂಟಿಮೀಟರ್, 180 ಲೀಟರ್. ಎಲ್ಲಕ್ಕಿಂತ ಮೇಲೆ ಒಂದೂವರೆಯಿಂದ ಎರಡು ಮಿಲಿಮೀಟರ್ ಕಾಳಿನ ದಪ್ಪ ಮರಳು 30 ಸೆಂಟಿಮೀಟರ್, 220 ಲೀಟರ್. ಮರಳಿನ ಮೇಲೆ 40 ಸೆಂಟಿಮೀಟರ್ ಖಾಲಿ ಬಿಟ್ಟಿದ್ದೇನೆ. ಅಲ್ಲಿ ಕಲ್ಲಿಲ್ಲ, ಜಾಗವೆಲ್ಲ ನೀರಿಗೇ, 900 ಲೀಟರ್. ಎಲ್ಲ ಕೂಡಿದರೆ 2,650 ಲೀಟರ್. ಈ ಖಾಲಿ ಜಾಗವನ್ನು ವ್ಯರ್ಥವೆಂದು ಮರಳಿನಿಂದ ತುಂಬಿಸಿಬಿಟ್ಟರೆ ಗುಂಡಿಯ ಹಿಡಿತ ಹೆಚ್ಚುಕಡಿಮೆ ಕಾಲು ಭಾಗದಷ್ಟು ಕಡಿಮೆಯಾಗುತ್ತದೆ.

ಮರಳು ಮೇಲೆ ಯಾಕೆ? ಕೆಸರು ನಮ್ಮ ಕೈಗೆ ಸಿಗುವ ಜಾಗದಲ್ಲೇ ನಿಲ್ಲಲಿ ಎಂದು. ಅದು ದಪ್ಪಗಲ್ಲಿನವರೆಗೆ ಇಳಿದರೆ ಪೂರ್ತಿ ಗುಂಡಿ ಬಿಚ್ಚದೆ ತೆಗೆಯಲಾಗದು.

ನಡುವಿನ ಎರಡು ಜಲ್ಲಿ ಪದರಗಳನ್ನು ಬಿಟ್ಟು ದಪ್ಪಗಲ್ಲಿನ ಮೇಲೆ ನೇರ ಮರಳು ಸುರಿದ ಗುಂಡಿಗಳನ್ನು ಬಿಚ್ಚಿ ನೋಡಿದ್ದೇನೆ. ಮರಳೆಲ್ಲ ಸಂದುಗಳಿಗೆ ಇಳಿದು ಮೇಲೆ ಕಲ್ಲಿನ ತಲೆಗಳು ಕಾಣುತ್ತಿರುತ್ತವೆ. ಈ ಗುಂಡಿಯ ಅಳತೆಯಲ್ಲಿ ಹೇಳುವುದಾದರೆ 30 ಸೆಂಟಿಮೀಟರ್ ಮರಳು ಪೂರ್ತಿ ಮಾಯವಾಗಲು 75 ಸೆಂಟಿಮೀಟರ್ ದಪ್ಪಗಲ್ಲಿನ ಸಂದು ಸಾಕು. ಸೋಸುವ ಪದರವೂ ಹೋಯಿತು, ನೀರು ನಿಲ್ಲುವ ಜಾಗವೂ ಹೋಯಿತು: ಮರಳು ತುಂಬಿದ ಕಲ್ಲಿನಲ್ಲಿ ಶೇ. 40 ಇದ್ದ ಸಂದು ಶೇ. 13ಕ್ಕೆ ಇಳಿಯುತ್ತದೆ. ಕೆಳಗಿನ ಪದರದ ಕಲ್ಲು ಮೇಲಿನದರ ನಾಲ್ಕೈದು ಪಟ್ಟು ಮೀರದಿದ್ದರೆ ಮೇಲಿನದು ಜಾರುವುದಿಲ್ಲ. 150, 40, 10 ಎಂಬ ಇಳಿಕೆ ಅದಕ್ಕಾಗಿಯೇ. ಮರಳು ಮತ್ತು 10 ಮಿಲಿಮೀಟರ್ ಜಲ್ಲಿಯ ನಡುವೆ ಅಂತರ ಸ್ವಲ್ಪ ಹೆಚ್ಚಿರುವುದರಿಂದ ಅಲ್ಲೊಂದು ಸಣ್ಣ ಕಣ್ಣಿನ ನೈಲಾನ್ ಬಲೆ ಹಾಸಿದೆ. ದಪ್ಪ ಬಟ್ಟೆಯಂಥ ಹಾಸು ನನಗೆ ಒಪ್ಪಿಗೆಯಿಲ್ಲ. ಅದು ಮರಳಿನ ಅಡಿಯಲ್ಲಿ ಕಟ್ಟಿಕೊಂಡರೆ ಕೆರೆದು ತೆಗೆಯುವಂತಿಲ್ಲ.

ಎಂ-ಸ್ಯಾಂಡ್ ಬಳಸುವುದಾದರೆ ಅದರ ಕಲ್ಲುಪುಡಿಯನ್ನು ತೊಳೆದೇ ಹಾಕಬೇಕು. ಗಾಜಿನ ಬಾಟಲಿಯಲ್ಲಿ ಅರ್ಧ ಮರಳು, ಅರ್ಧ ನೀರು ಹಾಕಿ ಕುಲುಕಿ ಎರಡು ಮೂರು ಗಂಟೆ ಇಟ್ಟರೆ ಮರಳಿನ ಮೇಲೆ ನುಣುಪಾದ ಬೂದು ಪದರ ಕೂರುತ್ತದೆ. ಅದು ಕಣ್ಣಿಗೆ ಎದ್ದು ಕಾಣುವಷ್ಟಿದ್ದರೆ ಇನ್ನೊಮ್ಮೆ ತೊಳೆಯಿರಿ. ಜಲ್ಲಿಯದೂ ಅದೇ ಕಥೆ. ತೊಳೆಯದ ಜಲ್ಲಿಯ ಪುಡಿ ಮೊದಲ ಮಳೆಗೇ ಗುಂಡಿಯ ತಳಕ್ಕೆ ಗಾರೆಯಂತೆ ಮೆತ್ತಿಕೊಳ್ಳುತ್ತದೆ.

ತುಂಬಿದ ನೀರು ಇಂಗಲು ಎಷ್ಟು ಹೊತ್ತು ಬೇಕು ಎಂಬುದನ್ನು ಕಲ್ಲು ತುಂಬುವ ಮೊದಲೇ ತಿಳಿಯಬೇಕು. ಗುಂಡಿಯ ತಳದಲ್ಲಿ 30 ಸೆಂಟಿಮೀಟರ್ ಅಗಲದ, ಅಷ್ಟೇ ಆಳದ ಸಣ್ಣ ಕುಳಿ ತೋಡಿ, ರಾತ್ರಿಯಿಡೀ ನೀರು ತುಂಬಿ ಮಣ್ಣು ನೆನೆಸಿ, ಬೆಳಿಗ್ಗೆ ಮತ್ತೆ ತುಂಬಿಸಿ ಅಳೆದೆ. ಒಂದು ಗಂಟೆಯಲ್ಲಿ 6 ಸೆಂಟಿಮೀಟರ್ ಇಳಿಯಿತು. ಇದನ್ನೇ ಮಣ್ಣಿನ ಇಂಗುವ ವೇಗವೆಂದು ಹಿಡಿದರೆ ಮೋಸ ಹೋಗುತ್ತೇವೆ, ಏಕೆಂದರೆ ಕುಳಿಯ ಗೋಡೆಗಳೂ ಕುಡಿಯುತ್ತಿರುತ್ತವೆ. ತಿದ್ದುಪಡಿ ಹೀಗೆ:

```
ವೇಗ = ಇಳಿತ × r / (2h + r)
    = 6 × 15 / (54 + 15) = 1.3 ಸೆಂಮೀ/ಗಂಟೆ
```

ಇಲ್ಲಿ r ಕುಳಿಯ ತ್ರಿಜ್ಯ, h ಆ ಗಂಟೆಯಲ್ಲಿ ನಿಂತ ನೀರಿನ ಸರಾಸರಿ ಎತ್ತರ, 27 ಸೆಂಟಿಮೀಟರ್. ಗುಂಡಿಯ ತಳ 2.25 ಚದರ ಮೀಟರ್, ಜೊತೆಗೆ ನೀರು ಇಳಿಯುತ್ತ ಹೋಗುವುದರಿಂದ ಗೋಡೆಯಲ್ಲಿ ಸರಾಸರಿ ಒಂದು ಮೀಟರ್ ಎತ್ತರವಷ್ಟೇ ಹಿಡಿದರೆ 6 ಚದರ ಮೀಟರ್. ಗಂಟೆಗೆ ಸುಮಾರು 107 ಲೀಟರ್ ಇಂಗುತ್ತದೆ, ತುಂಬಿದ ಗುಂಡಿ ಬರಿದಾಗಲು ಒಂದು ದಿನ. ವರ್ಷ ಕಳೆದಂತೆ ವೇಗ ಅರ್ಧಕ್ಕೆ ಇಳಿದರೂ ಎರಡು ದಿನ. ಇದಕ್ಕಿಂತ ನಿಧಾನವಾದ ಜೇಡಿಮಣ್ಣಿನಲ್ಲಿ ಗುಂಡಿ ದೊಡ್ಡದು ಮಾಡುತ್ತ ಹೋಗುವುದರಲ್ಲಿ ಅರ್ಥವಿಲ್ಲ. ನಿನ್ನೆಯ ನೀರು ಹೋಗುವ ಮೊದಲೇ ಇವತ್ತಿನ ಮಳೆ ಬರುತ್ತದೆ. ಗೋಡೆಗೆ ಸಿಮೆಂಟ್ ಬಳಿದರೂ ಈ ಲೆಕ್ಕ ಪೂರ್ತಿ ಕೆಡುತ್ತದೆ. ಮಣ್ಣು ಕುಸಿಯುವಂತಿದ್ದರೆ ಗಾರೆಯಿಲ್ಲದೆ ಕಲ್ಲು ಕಟ್ಟಿ ಸಂದು ಬಿಡಬೇಕು.

ತಾರಸಿಯ ಮೊದಲ ಮಳೆಯ ಧೂಳನ್ನು ಹೊರಗೆ ಬಿಡಲು ಒಂದೂವರೆ ಮಿಲಿಮೀಟರ್ ಮಳೆ ಎಂದು ಹಿಡಿದರೆ 180 ಲೀಟರ್. 110 ಮಿಲಿಮೀಟರ್ ಪೈಪು ಮೀಟರಿಗೆ 9 ಲೀಟರ್ ಹಿಡಿಯುತ್ತದೆ, ಹಾಗಾಗಿ ಎರಡು ಮೀಟರ್ ಪೈಪಿನ ತುಂಡಿನಿಂದ ಈ ಕೆಲಸ ಆಗದು. 200 ಲೀಟರಿನ ಡ್ರಮ್ಮೇ ಬೇಕು. ನೀರು ಬೀಳುವ ಜಾಗದಲ್ಲಿ ಚಪ್ಪಡಿಕಲ್ಲು ಇಡದಿದ್ದರೆ ಧಾರೆಯು ಮರಳನ್ನು ಕೊರೆದು ಜಲ್ಲಿಯವರೆಗೆ ತೂತು ಮಾಡುತ್ತದೆ. ಆಗ ನೀರು ತುಂಬ ಚೆನ್ನಾಗಿ ಇಳಿಯುತ್ತಿದೆ ಎಂದು ಖುಷಿಯಾಗುತ್ತದೆ, ನಿಜಕ್ಕೂ ಅದು ಸೋಸದೆ ಇಳಿಯುತ್ತಿರುತ್ತದೆ.

ಕಲ್ಲು ತುಂಬುವಾಗಲೇ ಒಂದು ಮೂಲೆಯಲ್ಲಿ 50 ಮಿಲಿಮೀಟರ್ ಪೈಪು ತಳದವರೆಗೆ ನಿಲ್ಲಿಸಿ. ದಪ್ಪಗಲ್ಲಿನ ಎತ್ತರದಲ್ಲಿ ಮಾತ್ರ ತೂತುಗಳಿರಲಿ, ಮೇಲೆ ಮುಚ್ಚಳವಿರಲಿ. ಮಳೆ ನಿಂತ ಮೇಲೂ ಮರಳಿನ ಮೇಲೆ ನೀರು ನಿಂತಿದ್ದರೆ ಮುಚ್ಚಳ ತೆಗೆದು ಕೋಲು ಇಳಿಬಿಡಿ. ಪೈಪಿನಲ್ಲಿ ನೀರಿಲ್ಲದಿದ್ದರೆ ಕಟ್ಟಿಕೊಂಡಿರುವುದು ಮರಳಿನ ಮೇಲ್ಪದರ. ಪೈಪಿನಲ್ಲೂ ಅದೇ ಮಟ್ಟಕ್ಕೆ ನೀರಿದ್ದರೆ ಮರಳು ಸರಿಯಿದೆ, ಮಣ್ಣು ಕುಡಿಯುತ್ತಿಲ್ಲ.

ಮೊದಲನೆಯದಾದರೆ ಕೆಲಸ ಸುಲಭ. ಒಣಗಿದ ಮೇಲೆ ಬಿರುಕು ಬಿಟ್ಟ ಕಂದು ಚಕ್ಕೆಯ ಜೊತೆ 5 ಸೆಂಟಿಮೀಟರ್ ಮರಳು ಕೆರೆದು ತೆಗೆದು, ಅಷ್ಟೇ ತೊಳೆದ ಮರಳು ಹಾಕಿದರಾಯಿತು. ಗೋಡೆಯ ಮೇಲೆ ಮರಳಿನ ಮಟ್ಟಕ್ಕೆ ಗೆರೆ ಹಾಕಿಡಿ. ಪ್ರತಿ ಸಲ ಕೈಬೀಸಿ ಸುರಿದು ಮಟ್ಟ 10 ಸೆಂಟಿಮೀಟರ್ ಏರಿದರೆ, ಈ ಗುಂಡಿಯಲ್ಲಿ 150 ಲೀಟರ್ ನೀರಿನ ಜಾಗ ಕಡಿಮೆಯಾಗುತ್ತದೆ.