ಗುಂಡಿ ತೋಡಿ ಬೆಳೆ ನಿಶ್ಚಯಿಸುವುದು ಹೇಗೆ?

ಧಾರವಾಡ ಜಿಲ್ಲೆಯನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟಿದರೆ ದಖನ್ ಪ್ರಸ್ಥಭೂಮಿಯ ಮೂರು ಮುಖಗಳು ಕಾಣುತ್ತವೆ. ಅಳ್ನಾವರ, ಕಲಘಟಗಿಯ ಕಡೆ ಮಲೆನಾಡಿನ ಸೆರಗು, ಕೆಂಪು ಮಣ್ಣು ಮತ್ತು ಭತ್ತ. ಧಾರವಾಡದ ಸುತ್ತ ಮಲೆನಾಡು, ಬಯಲು ಎರಡೂ ಬೆರೆತ ಅರೆಮಲೆನಾಡು. ನವಲಗುಂದ, ಅಣ್ಣಿಗೇರಿಯ ಕಡೆ ಮಳೆ ಕಡಿಮೆಯಾದ, ಮಟ್ಟಸವಾದ ಎರೆ ಬಯಲು. ಆದರೆ ತಾಲ್ಲೂಕಿನ ಹೆಸರನ್ನಷ್ಟೇ ನಂಬಿ ಬಿತ್ತುವುದು ಸರಿಯಲ್ಲ, ಏಕೆಂದರೆ ಒಂದೇ ಹೊಲದ ಎರಡು ತುದಿಗಳಲ್ಲಿಯೇ ಮಣ್ಣಿನ ಆಳ ಬದಲಾಗುತ್ತದೆ.

ಮೊದಲು ಬಣ್ಣಕ್ಕಿಂತ ಜಿಗುಟನ್ನು ನೋಡಬೇಕು. ಹಿಡಿ ಮಣ್ಣನ್ನು ನೀರಿನಲ್ಲಿ ನಾದಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತುತ್ತಾ ಪಟ್ಟಿಯಂತೆ ಹೊರಡಿಸಿರಿ. ಐದು ಸೆಂ.ಮೀ. ದಾಟಿಯೂ ತುಂಡಾಗದಿದ್ದರೆ ಅದು ಜೇಡಿ ತುಂಬಿದ ಎರೆ. ಬೇಗ ಮುರಿದು ಬೆರಳಿಗೆ ಮರಳು ತಾಗಿದರೆ ಮಸಾರಿ. ನೀರು ಕುಡಿದು ಉಬ್ಬುವ, ಒಣಗಿದಾಗ ಕುಗ್ಗುವ ಜೇಡಿಯಿಂದಲೇ ಎರೆ ಹೊಲ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ.

ಎರಡನೆಯದು ಮತ್ತು ಹೆಚ್ಚು ಮುಖ್ಯವಾದದ್ದು ಆಳ. ಹೊಲದ ಮೇಲ್ತುದಿಯಲ್ಲಿ ಒಂದು, ತಗ್ಗಿನಲ್ಲಿ ಒಂದು ಗುಂಡಿಯನ್ನು 90 ಸೆಂ.ಮೀ.ವರೆಗೆ ತೋಡಿ, ಮಣ್ಣಿನಡಿಯ ಕಲ್ಲುಮಿಶ್ರಿತ ಪದರವಾದ ಗರಸು ಎಲ್ಲಿ ಹತ್ತುತ್ತದೆಂದು ಅಳೆಯಬೇಕು. ಆಳವಾದ ಎರೆ, ಒಂದು ಮೀಟರ್ ದಪ್ಪಕ್ಕೆ, ಬೆಳೆಗೆ ದಕ್ಕುವ ಸುಮಾರು 150ರಿಂದ 200 ಮಿ.ಮೀ. ನೀರನ್ನು ಹಿಡಿದಿಡಬಲ್ಲದು. ಹಿಂಗಾರಿ ಬೆಳೆ ಬದುಕುವುದು ಬಹುಮಟ್ಟಿಗೆ ಈ ಠೇವಣಿಯ ಮೇಲೆ.

ನವಲಗುಂದದ ಕಡೆಯ ನಾಲ್ಕು ಎಕರೆ ಹೊಲವೊಂದನ್ನು ಊಹಿಸಿಕೊಳ್ಳಿ. ಮೇಲ್ತುದಿಯಲ್ಲಿ 40 ಸೆಂ.ಮೀ.ಗೆ ಗರಸು ಸಿಕ್ಕಿತು, ತಗ್ಗಿನಲ್ಲಿ 90ಕ್ಕೂ ಸಿಗಲಿಲ್ಲ. ಸೆಂಟಿಮೀಟರಿಗೆ 1.8 ಮಿ.ಮೀ. ಎಂದು ಲೆಕ್ಕ ಹಿಡಿದರೆ ಮೇಲೆ 72, ಕೆಳಗೆ 160 ಮಿ.ಮೀ.ಗಿಂತ ಹೆಚ್ಚು ನೀರು ನಿಲ್ಲುತ್ತದೆ. ಆದ್ದರಿಂದ ಮೇಲ್ಭಾಗಕ್ಕೆ ಮುಂಗಾರಿನಲ್ಲಿಯೇ ಎರಡು ತಿಂಗಳ ಮೇಲೆ ಕೊಯ್ಲಿಗೆ ಬರುವ ಹೆಸರು ಸಾಕು. ತಗ್ಗಿನ ಭಾಗಕ್ಕೆ ಮುಂಗಾರಿನಲ್ಲಿ ಚೌಕು ಮಡಿ ಹಾಕಿ ಮಳೆನೀರನ್ನು ಅಲ್ಲಲ್ಲೇ ಇಂಗಿಸಿ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವೆ ಕಡಲೆ ಅಥವಾ ಬಿಳಿಜೋಳ ಬಿತ್ತಬಹುದು. (ಈ ನಾಡಿನ ಕಡಲೆ ತಳಿಯೊಂದಕ್ಕೆ ‘ಅಣ್ಣಿಗೇರಿ-1’ ಎಂಬ ಹೆಸರೇ ಇದೆ.)

ಇಲ್ಲಿ ಹೆಚ್ಚಾಗಿ ತಪ್ಪುವುದು ಹದ. ಎರೆ ಒದ್ದೆಯಿದ್ದಾಗ ರಂಟೆ ಹೊಡೆದರೆ ಹೆಂಟೆ ಏಳುತ್ತದೆ. ತಡಮಾಡಿದರೆ ಮೇಲ್ಪದರ ಒಣಗಿ ಬೀಜ ಮೊಳೆಯುವುದಿಲ್ಲ. ಹಿಡಿ ಮಣ್ಣನ್ನು ಉಂಡೆ ಕಟ್ಟಿ ಎದೆಯೆತ್ತರದಿಂದ ಬೀಳಿಸಿದಾಗ ಅದು ಪುಡಿಯಾದರೆ ರಂಟೆಗೆ ಹದ ಬಂದಿದೆ. ಚಪ್ಪಟೆಯಾಗಿ ಅಂಟಿಕೊಂಡರೆ ಇನ್ನೂ ಕಾಯಬೇಕು. ಮಲಪ್ರಭಾ ಕಾಲುವೆಯ ನೀರು ಹಾಯುವ ಹೊಲದಲ್ಲಿ ಒಣಗಿದ ಮೇಲೆ ಬಿಳಿ ಪೊರೆ ಕಂಡರೆ ಆಳದ ಲೆಕ್ಕವೊಂದೇ ಸಾಲದು, ಅದು ಸವಳಿನ ಗುರುತು; ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಬಸಿಗಾಲುವೆಯ ದಾರಿ ನೋಡಬೇಕು.