ಒಂದು ಕಿಲೋ, ಅರ್ಧ ಕಿಲೋ, ನಡುವೆ ಅರವತ್ತು ಸೆಂಟಿಮೀಟರ್: ಡಂಬೆಲ್ ತಿರುಗಿಸಿದ ನನ್ನ ಅನುಭವ

ಅಸಮ ತೂಕದ ಡಂಬೆಲ್‌ನ ಜಡತ್ವ, ಅಂದರೆ ತಿರುಗಿಸಲು ಹೋದಾಗ ಅದು ಒಡ್ಡುವ ಅಡ್ಡಿ, ಅಕ್ಷದಿಂದ ಅಕ್ಷಕ್ಕೆ ಎಷ್ಟಾಗುತ್ತದೆ ಎಂಬ ಲೆಕ್ಕವನ್ನು ಪ್ರಥಮ ಪಿಯುಸಿಯ ಕರಿಹಲಗೆಯ ಮೇಲೆ ನಾವೆಲ್ಲರೂ ಮಾಡಿಸುತ್ತೇವೆ. ಅದನ್ನೇ ಮೇಜಿನ ಮೇಲೆ ಮಾಡಿ ತೋರಿಸುತ್ತೇನೆ ಎಂದಾಗ ನಮ್ಮ ತುಮಕೂರಿನ ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕರು. "ಮೇಷ್ಟ್ರೇ, ಭಾರವಿಲ್ಲದ ಸರಳು ಯಾವ ಅಂಗಡಿಯಲ್ಲಿ ಸಿಗುತ್ತದೆ? ಉತ್ತರದಲ್ಲಿ ಕಾಲು ಭಾಗ ತಪ್ಪು ಬಂದೇ ಬರುತ್ತದೆ" ಎಂದರು. ನೂರಕ್ಕೆ ಆರಕ್ಕಿಂತ ಹೆಚ್ಚು ತಪ್ಪು ಎಲ್ಲಿಯೂ ಬರಲಿಲ್ಲ. ಆ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಅಳತೆಗಳನ್ನು ಬೇಕೆಂದೇ ಹೀಗೆ ಆರಿಸಿಕೊಂಡೆ: ಒಂದು ಕಿಲೋ, ಅರ್ಧ ಕಿಲೋ, ಕೇಂದ್ರದಿಂದ ಕೇಂದ್ರಕ್ಕೆ 60 ಸೆಂ.ಮೀ. ದ್ರವ್ಯರಾಶಿ ಕೇಂದ್ರವು ದೊಡ್ಡ ತೂಕದಿಂದ ಸರಿಯಾಗಿ 20 ಸೆಂ.ಮೀ. ದೂರದಲ್ಲಿ ಕೂರುತ್ತದೆ. ಅದರ ಮೂಲಕ ಹಾಯುವ ಅಕ್ಷಕ್ಕೆ ಜಡತ್ವ 0.12 ಕಿ.ಗ್ರಾಂ. ಚದರ ಮೀಟರ್, ಸರಳಿನ ನಡುಮಧ್ಯಕ್ಕೆ 0.135, ಒಂದು ಕಿಲೋ ತೂಕದ ಮೂಲಕ 0.18, ಅರ್ಧ ಕಿಲೋ ತೂಕದ ಮೂಲಕ 0.36. ಸಮಾಂತರ ಅಕ್ಷ ಪ್ರಮೇಯವನ್ನು ಬಾಯಲ್ಲೇ ತಾಳೆ ನೋಡಬಹುದಾದ ಅಂಕಿಗಳು ಇವು.

ಮೊದಲು ಗುಜರಿಯಿಂದ ತಂದದ್ದು 12 ಮಿ.ಮೀ. ಗಟ್ಟಿ ಕಬ್ಬಿಣದ ಸರಳು. 65 ಸೆಂ.ಮೀ. ತುಂಡೇ ಆರುನೂರು ಗ್ರಾಂ ಹತ್ತಿರ ತೂಗಿತು. ಚಿಕ್ಕ ತೂಕಕ್ಕಿಂತ ಸರಳೇ ಭಾರ. ಅದರ ಸ್ವಂತ ಜಡತ್ವವೇ 0.02 ಆಗಿ, 0.12ರ ಲೆಕ್ಕವನ್ನು ಕೆಡಿಸಿತು. ಅದನ್ನು ಮೂಲೆಗೆ ಎಸೆದು, ಅಷ್ಟೇ ದಪ್ಪದ, ಗೋಡೆ ಒಂದು ಮಿ.ಮೀ. ಇರುವ ಅಲ್ಯೂಮಿನಿಯಂ ಕೊಳವೆ ತಂದೆ. ತೂಕ ಸುಮಾರು 60 ಗ್ರಾಂ, ಜಡತ್ವ 0.002. ಇದನ್ನು ಕಾಗದದ ಮೇಲೆ ಕಳೆದರೆ ಸಾಕು. ಅಂತರಸನಹಳ್ಳಿಯ ಲೇತ್ ಅಂಗಡಿಯಲ್ಲಿ ಎರಡು ಉಕ್ಕಿನ ಬಿಲ್ಲೆಗಳನ್ನೂ 2 ಸೆಂ.ಮೀ. ತ್ರಿಜ್ಯದ ಒಂದು ಡ್ರಮ್ಮನ್ನೂ ಕಡೆಸಿದೆ. ಅಕ್ಷಕ್ಕೆ ಸೈಕಲ್ಲಿನ ಮುಂಚಕ್ರದ ಹಬ್ಬನ್ನು ನೆಟ್ಟಗೆ ನಿಲ್ಲಿಸಿದೆ. ಗ್ರೀಸನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ತೆಳುವಾದ ಎಣ್ಣೆ ಬಿಟ್ಟೆ. ಎಲ್ಲ ಸೇರಿ ಸಾವಿರದ ಇನ್ನೂರು ರೂಪಾಯಿ ದಾಟಲಿಲ್ಲ. ಸಿದ್ಧ ಉಪಕರಣಕ್ಕೆ ವ್ಯಾಪಾರಿಯೊಬ್ಬರು ಹೇಳಿದ ಬೆಲೆ ಹತ್ತು ಸಾವಿರದ ಮೇಲಿತ್ತು.

ಬಿಲ್ಲೆಯನ್ನೇ ಹಬ್ಬಿನ ಮೇಲೆ ಕೂರಿಸಿ ಅಕ್ಷವನ್ನು ಅದರ ನಟ್ಟನಡುವೆ ಹಾಯಿಸಿದ್ದು ಹೇಗೆಂದು ಎಲ್ಲರೂ ಕೇಳುತ್ತಾರೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ. ಲೇತ್‌ನವರಿಗೂ ನನಗೂ ಒಂದು ಒಪ್ಪಂದವಿದೆ.

ಡ್ರಮ್ಮಿಗೆ ದಾರ ಸುತ್ತಿ, ಮೇಜಿನಂಚಿನ ರಾಟೆಯ ಮೇಲೆ ಹಾಯಿಸಿ, 200 ಗ್ರಾಂ ತೂಗುಬಿಟ್ಟು ಒಂದು ಮೀಟರ್ ಇಳಿಯುವ ಕಾಲ ಅಳೆಯುವುದು. ತೂಕ ಬಹಳ ನಿಧಾನವಾಗಿ ಇಳಿಯುವುದರಿಂದ ದಾರದ ಎಳೆತವನ್ನು ಪೂರ್ತಿ mg ಎಂದೇ ಹಿಡಿಯಬಹುದು. ಆಗ I = m g r² t² / 2h. ಸೂತ್ರದಲ್ಲಿ r ವರ್ಗವಾಗಿ ನಿಂತಿರುವುದನ್ನು ಗಮನಿಸಿ. ಒಂದು ಮಿ.ಮೀ. ದಪ್ಪದ ಹುರಿದಾರ ಸುತ್ತಿದರೆ ತ್ರಿಜ್ಯ ಅರ್ಧ ಮಿ.ಮೀ. ಹೆಚ್ಚುತ್ತದೆ, ಉತ್ತರದಲ್ಲಿ ನೂರಕ್ಕೆ ಐದು ಹೋಗುತ್ತದೆ. ಗಾಳದ ನೈಲಾನ್ ದಾರವನ್ನು ಒಂದೇ ಪದರದಲ್ಲಿ, ಸುತ್ತಿನ ಮೇಲೆ ಸುತ್ತು ಬಾರದಂತೆ ಸುತ್ತಿದ ಮೇಲೆ ಈ ಕಾಟ ತಪ್ಪಿತು. ಘರ್ಷಣೆಗೆ ಪ್ರತಿ ಅಕ್ಷಕ್ಕೂ ಬೇರೆಯಾಗಿ ಪರಿಹಾರ ಬೇಕು. ಬೆರಳಿನಿಂದ ಮೆಲ್ಲಗೆ ನೂಕಿದರೆ ಒಂದೇ ವೇಗದಲ್ಲಿ ಇಳಿಯುವಷ್ಟು ತೂಕ ಹುಡುಕಿ, ಅದನ್ನು 200ರ ಮೇಲೆ ಸೇರಿಸುತ್ತೇನೆ. ದ್ರವ್ಯರಾಶಿ ಕೇಂದ್ರದ ಅಕ್ಷಕ್ಕೆ ಏಳೆಂಟು ಗ್ರಾಂ ಸಾಕಾಯಿತು. ಅರ್ಧ ಕಿಲೋ ಕಡೆಯ ಅಕ್ಷಕ್ಕೆ, ಭಾರವೆಲ್ಲ ಒಂದೇ ಮಗ್ಗುಲಿಗೆ ತೂಗಿ ಬೇರಿಂಗ್ ಬಿಗಿಯುವುದರಿಂದ, ಇಪ್ಪತ್ತೈದರಷ್ಟು ಬೇಕಾಯಿತು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಅಕ್ಷದ ವಾಲು. ಕೇಂದ್ರದ ಅಕ್ಷದಲ್ಲಿ ಎಲ್ಲವೂ ಚೆನ್ನಾಗಿ ನಡೆದಿತ್ತು. ಅರ್ಧ ಕಿಲೋ ಕಡೆಗೆ ಅಕ್ಷ ಬದಲಿಸಿದೊಡನೆ ಡಂಬೆಲ್ ತಿರುಗುವುದನ್ನೇ ನಿಲ್ಲಿಸಿತು. ಸ್ವಲ್ಪ ಹೊರಳುತ್ತದೆ, ಹಿಂದೆ ಬರುತ್ತದೆ, ಕಿಟಕಿಯ ಕಡೆಗೆ ಮುಖ ಮಾಡಿ ನಿಲ್ಲುತ್ತದೆ. ಎಷ್ಟು ಸಲ ಬಿಟ್ಟರೂ ಕಿಟಕಿಯ ಕಡೆಗೇ. ಬೇರಿಂಗಿನ ತೊಂದರೆಯಾಗಿದ್ದರೆ ಎಲ್ಲೆಂದರಲ್ಲಿ ನಿಲ್ಲಬೇಕಿತ್ತು. ಒಂದೇ ಜಾಗದಲ್ಲಿ ನಿಂತರೆ ಅಕ್ಷ ಆ ಕಡೆಗೆ ವಾಲಿದೆ ಎಂದರ್ಥ. ಲೆಕ್ಕ ಹಾಕಿ ನೋಡಿ: ಒಂದೂವರೆ ಕಿಲೋ ತೂಕ, ಅಕ್ಷದಿಂದ 40 ಸೆಂ.ಮೀ. ದೂರದ ಕೇಂದ್ರ, ಒಂದು ಡಿಗ್ರಿ ವಾಲು. ಗುರುತ್ವದ ಟಾರ್ಕ್ 0.1 ನ್ಯೂಟನ್ ಮೀಟರ್ ಆಗುತ್ತದೆ. ನನ್ನ 200 ಗ್ರಾಂ ಕೊಡುವುದು 0.04 ಕೂಡ ಇಲ್ಲ. ಗಾರೆ ಕೆಲಸದವರ ರಸಮಟ್ಟ ತಂದು, ಸ್ಟ್ಯಾಂಡಿನ ಕಾಲಿಗೆ ರಟ್ಟಿನ ಚೂರು ಕೊಟ್ಟು ಕೊಟ್ಟು, ಡಂಬೆಲ್ ಯಾವ ದಿಕ್ಕಿನಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವವರೆಗೆ ಸರಿಪಡಿಸಿದೆ. ಕೊನೆಯಲ್ಲಿ ರಸಮಟ್ಟಕ್ಕಿಂತ ಡಂಬೆಲ್ಲೇ ಹೆಚ್ಚು ಸೂಕ್ಷ್ಮವಾದ ಮಟ್ಟವಾಯಿತು.

ಆ ಮೇಲೆ ಬಂದ ಕಾಲಗಳು, ನೆನಪಿನಿಂದ: ಕೇಂದ್ರಕ್ಕೆ 18 ಸೆಕೆಂಡಿಗೆ ಒಂದಿಷ್ಟು ಕಡಿಮೆ, ನಡುಮಧ್ಯಕ್ಕೆ 19, ಒಂದು ಕಿಲೋ ಕಡೆ 22, ಅರ್ಧ ಕಿಲೋ ಕಡೆ ಮೂವತ್ತೊಂದೂವರೆ. ಕೊಳವೆಯ ಪಾಲು ಕಳೆದರೆ ಜಡತ್ವ ಸುಮಾರು 0.122, 0.139, 0.185, 0.38. ಕೊನೆಯದೇ ಎಲ್ಲಕ್ಕಿಂತ ಕೆಟ್ಟದ್ದು, ಆದರೂ ನೂರಕ್ಕೆ ಆರರ ಒಳಗೆ.

ಶಕ್ತಿಯ ವಿಷಯಕ್ಕೆ ಬಂದಾಗ ಸಹೋದ್ಯೋಗಿ ಮತ್ತೆ ಪಟ್ಟು ಹಿಡಿದರು. ಜಡತ್ವ ಮೂರು ಪಟ್ಟಾದರೆ ತಿರುಗುವ ಶಕ್ತಿಯೂ ಮೂರು ಪಟ್ಟಾಗಬೇಕು ಎಂಬುದು ಅವರ ವಾದ. ಸೆಕೆಂಡಿಗೆ ಒಂದು ಸುತ್ತು ಎಂದು ವೇಗವನ್ನು ಕಟ್ಟಿಹಾಕಿದರೆ ಅದು ಸರಿ: ಕೇಂದ್ರದ ಅಕ್ಷಕ್ಕೆ 2.4 ಜೌಲ್, ಅರ್ಧ ಕಿಲೋ ಅಕ್ಷಕ್ಕೆ 7.1. ಆದರೆ ನನ್ನ ಮೇಜಿನಲ್ಲಿ ಕಟ್ಟಿಹಾಕಿರುವುದು ವೇಗವನ್ನಲ್ಲ, ಇಳಿಯುವ ತೂಕವನ್ನು. 200 ಗ್ರಾಂ ಒಂದು ಮೀಟರ್ ಇಳಿದರೆ ಸಿಗುವುದು 1.96 ಜೌಲ್, ಅಕ್ಷ ಯಾವುದಾದರೂ ಅಷ್ಟೇ. ದಾರ ಕಳಚಿಕೊಂಡ ಮೇಲಿನ ಮೊದಲ ಸುತ್ತನ್ನು ಮೊಬೈಲಿನ ನಿಧಾನಗತಿಯ ವಿಡಿಯೊದಲ್ಲಿ ಹಿಡಿದೆವು. ಕೇಂದ್ರದ ಅಕ್ಷಕ್ಕೆ ಒಂದು ಸುತ್ತಿಗೆ 1.12 ಸೆಕೆಂಡ್, ಒಂದು ಕಿಲೋ ಕಡೆಗೆ 1.37, ಅರ್ಧ ಕಿಲೋ ಕಡೆಗೆ 1.95. ½Iω² ಹಾಕಿದರೆ ಮೂರೂ 1.9 ಜೌಲ್ ಸುತ್ತಮುತ್ತಲೇ ನಿಂತವು. ಅವರು ವಿಡಿಯೊವನ್ನು ಎರಡನೆಯ ಸಲ ಹಾಕಿಸಿಕೊಂಡು ನೋಡಿದರು, ಏನೂ ಹೇಳಲಿಲ್ಲ. ಕಾಫಿಯ ದುಡ್ಡು ಅವರೇ ಕೊಟ್ಟರು.

ಇಲ್ಲಿ ಒಂದು ಉಪಾಯವನ್ನು ಹೇಳಿಯೇ ಬಿಡುತ್ತೇನೆ. ಒಂದು ಮೀಟರ್ ಬದಲು 100.5 ಸೆಂ.ಮೀ. ಇಳಿಸಿದರೆ ಡ್ರಮ್ ಸರಿಯಾಗಿ ಎಂಟು ಸುತ್ತು ಸುತ್ತುತ್ತದೆ. ಅಕ್ಷದಲ್ಲಿ ಸಣ್ಣ ವಾಲು ಉಳಿದಿದ್ದರೂ ಡಂಬೆಲ್ ಹೊರಟ ದಿಕ್ಕಿಗೇ ಮರಳುವುದರಿಂದ ಗುರುತ್ವ ಕೊಟ್ಟದ್ದೂ ಕಿತ್ತುಕೊಂಡದ್ದೂ ಸಮವಾಗುತ್ತವೆ. ಇಳಿಯುವ ಕಾಲದಿಂದ ಬರುವ ಜಡತ್ವಕ್ಕೆ ಈ ರಕ್ಷಣೆ ಪೂರ್ತಿಯಾಗಿ ಸಿಗುವುದಿಲ್ಲ. ಆದರೆ ಆ ಕೊನೆಯ ಗಳಿಗೆಯ ವೇಗದಿಂದ ಲೆಕ್ಕ ಹಾಕಿದ್ದಕ್ಕೆ ಸಿಗುತ್ತದೆ.

ಸರಳಿನ ಉದ್ದಕ್ಕೇ ಅಕ್ಷ ಹಿಡಿದರೆ ಪುಸ್ತಕ ಸೊನ್ನೆ ಎನ್ನುತ್ತದೆ. ಬಿಲ್ಲೆಗಳಿಗೆ ಅಗಲವಿದೆಯಲ್ಲ, 0.001 ಬರುತ್ತದೆ. ಇದಕ್ಕಿಂತ ರುಚಿಯಾದದ್ದು ಓರೆ ಅಕ್ಷ. ಕೇಂದ್ರದ ಮೂಲಕವೇ, ಆದರೆ ಸರಳಿಗೆ 45 ಡಿಗ್ರಿ ಓರೆಯಾಗಿ ಅಕ್ಷ ಹಾಯಿಸಿದೆ. ಜಡತ್ವ ಅರ್ಧಕ್ಕೆ, ಅಂದರೆ 0.06ಕ್ಕೆ ಇಳಿಯುತ್ತದೆ. ನಿಂತಾಗ ಎಳ್ಳಷ್ಟೂ ವಾಲದೆ ಸಮತೂಕದಲ್ಲಿತ್ತು. ತಿರುಗಿ ವೇಗ ಹಿಡಿಯುತ್ತಿದ್ದಂತೆ ಸ್ಟ್ಯಾಂಡ್ ಗಡಗಡನೆ ನಡುಗಿ, ಮೇಜಿನ ಮೇಲೆ ಒಂದು ಗೇಣು ಸರಿಯಿತು. ಇಳಿತದ ಕೊನೆಯಲ್ಲಿ ಅಕ್ಷವನ್ನು ತಿರುಚುವ ಟಾರ್ಕ್ ಲೆಕ್ಕದ ಪ್ರಕಾರ 4 ನ್ಯೂಟನ್ ಮೀಟರ್ ಹತ್ತಿರ ಬರುತ್ತದೆ, ತಿರುಗಿಸುವ ಟಾರ್ಕಿನ ನೂರು ಪಟ್ಟು. ನಡುಗುವುದರಲ್ಲೇ ಶಕ್ತಿ ಸೋರಿಹೋಗಿ ಕಾಲದ ಅಳತೆ ಯಾವುದಕ್ಕೂ ತಾಳೆಯಾಗಲಿಲ್ಲ. ಸ್ಟ್ಯಾಂಡನ್ನು ಕಲ್ಲಿನ ಕಟ್ಟೆಗೆ ಬೋಲ್ಟ್ ಹಾಕಿ ಬಿಗಿಯಬೇಕು. ಕಟ್ಟೆಗೆ ತೂತು ಕೊರೆಯಲು ಪ್ರಾಂಶುಪಾಲರು ಇನ್ನೂ ಒಪ್ಪಿಲ್ಲ.