ಮಣಿಕಟ್ಟಿನ ಎಂಟು ಮೂಳೆ, ಎರಡು ಸಾಲು: ನೆನಪಿನ ವಾಕ್ಯ ಎಲ್ಲಿವರೆಗೆ ಬೇಕು?

ಕಾಸರಗೋಡಿನಲ್ಲಿ ಎಕ್ಸ್‌ರೇ ಮತ್ತು ಫಿಸಿಯೋಥೆರಪಿ ಕಲಿಯುವ ಮಕ್ಕಳಿಗೆ ನಾನು ಅನಾಟಮಿ ಹೇಳಿಕೊಡುತ್ತೇನೆ. ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯಿಂದ ಬರುವವರಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದವರೇ ಜಾಸ್ತಿ. ಮಣಿಕಟ್ಟಿನ ಮೂಳೆಗಳಿಗೆ ಸೀನಿಯರ್‌ಗಳಿಂದ ಬಂದ ಇಂಗ್ಲಿಷ್ ವಾಕ್ಯಗಳು ಇವರಿಗೆ ಎರಡು ಕಾರಣಕ್ಕೆ ಸರಿಹೋಗುವುದಿಲ್ಲ. ಕೆಲವು ವಾಕ್ಯಗಳನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಹೇಳಲು ಮುಜುಗರ. ಇನ್ನು ಕೆಲವದರಲ್ಲಿ ವಾಕ್ಯವನ್ನೇ ಬಾಯಿಪಾಠ ಮಾಡುವ ಕೆಲಸ ಬೇರೆ. ಹಾಗಾಗಿ ಕನ್ನಡದಲ್ಲೇ ಕಟ್ಟಿದೆ.

ಮೂಳೆಗಳು ಎರಡು ಸಾಲಿನಲ್ಲಿವೆ. ಮುಂಗೈ ಕಡೆಯ ಸಾಲಿನಲ್ಲಿ ಹೆಬ್ಬೆರಳಿನ ಬದಿಯಿಂದ ಸ್ಕ್ಯಾಫಾಯ್ಡ್, ಲೂನೇಟ್, ಟ್ರೈಕ್ವೆಟ್ರಲ್, ಪಿಸಿಫಾರ್ಮ್. ಬೆರಳುಗಳ ಕಡೆಯ ಸಾಲಿನಲ್ಲಿ, ಮತ್ತೆ ಹೆಬ್ಬೆರಳಿನ ಬದಿಯಿಂದಲೇ, ಟ್ರೆಪೀಜಿಯಂ, ಟ್ರೆಪಿಜಾಯ್ಡ್, ಕ್ಯಾಪಿಟೇಟ್, ಹ್ಯಾಮೇಟ್. ನನ್ನ ವಾಕ್ಯ ಇದು: "ಸ್ಕೂಲಿನ ಲೀಲಾ ಟ್ರೈನಲ್ಲಿ ಪಿಸುಗುಟ್ಟಿದಳು, ಟ್ರಂಕಲ್ಲಿ ಟ್ರೇ, ಕ್ಯಾರೆಟ್ ಹಲ್ವ." ದಿನಾ ಟ್ರೈನಲ್ಲಿ ಓಡಾಡುವ ಮಕ್ಕಳಿಗೆ ಇದು ಒಂದೇ ಸಲಕ್ಕೆ ಬಾಯಿಗೆ ಬರುತ್ತದೆ. ಸುಮ್ನೆ ಮೊದಲಕ್ಷರ ಹೊಂದಿಸಿದರೆ ಸಾಲದು. 'ಟ್ರೈ', 'ಪಿಸು', 'ಕ್ಯಾ' ಇವು ಹೆಸರಿನ ಮೊದಲ ಸದ್ದನ್ನೇ ಎತ್ತಿಕೊಡುತ್ತವೆ. ಬರೀ 'ಟ' ಅಥವಾ 'ಪ' ಎಂದಿದ್ದರೆ ಮುಂದೇನು ಎಂದು ಹುಡುಕಬೇಕಾಗುತ್ತಿತ್ತು. ಆದರೂ ಹೆಸರುಗಳನ್ನು ಮೊದಲೇ ನಾಲ್ಕಾರು ಸಲ ಓದಿ, ಬರೆದು, ನಾಲಿಗೆಗೆ ರೂಢಿ ಮಾಡಿಸುತ್ತೇನೆ. ಗೊತ್ತಿಲ್ಲದ ಹೆಸರನ್ನು ಯಾವ ವಾಕ್ಯವೂ ನೆನಪಿಸಿಕೊಡುವುದಿಲ್ಲ.

ವಾಕ್ಯದಲ್ಲಿ ಎರಡು ಕಡೆ ಎಡವಟ್ಟಾಗುತ್ತದೆ. ಒಂದು, ಟ್ರಂಕು ಮತ್ತು ಟ್ರೇ. ಯಾವುದು ಟ್ರೆಪೀಜಿಯಂ, ಯಾವುದು ಟ್ರೆಪಿಜಾಯ್ಡ್? ವಾಕ್ಯ ಹೇಳುವುದಿಲ್ಲ. ಇದಕ್ಕೆ ಇನ್ನೊಂದು ವಾಕ್ಯ ಕಟ್ಟಬಾರದು, ಒಂದು ಕೊಕ್ಕೆ ಸಾಕು. ಟ್ರೆಪೀಜಿಯಂನ ಕೊನೆಯ 'ಯಂ' ಮತ್ತು ಥಂಬ್‌ನ 'ಥಂ' ಜೋಡಿ. ಥಂಬ್ ಇಂಪ್ರೆಷನ್ ಎಂಬ ಮಾತು ಎಲ್ಲರ ಮನೆಯಲ್ಲೂ ಇದೆ ಅಲ್ವಾ? ಹೆಬ್ಬೆರಳಿನ ಬುಡದಲ್ಲಿರುವುದು ಟ್ರೆಪೀಜಿಯಂ, ತೋರುಬೆರಳಿನ ಬುಡದಲ್ಲಿರುವುದು ಟ್ರೆಪಿಜಾಯ್ಡ್.

ಇನ್ನೊಂದು, ದಿಕ್ಕು. ಮೊದಲ ಸಾಲು ಕಿರುಬೆರಳಿನ ಬದಿಯಲ್ಲಿ ಮುಗಿಯುತ್ತದೆ. ವಾಕ್ಯ ಹೇಳುತ್ತಾ ಹೋದವರು ಅಲ್ಲಿಂದಲೇ ಮೇಲಕ್ಕೆ ಹತ್ತಿ ವಾಪಸ್ ಬರುತ್ತಾರೆ. ಆಗ ಟ್ರೆಪೀಜಿಯಂ ಕಿರುಬೆರಳಿನ ಬುಡಕ್ಕೂ ಹ್ಯಾಮೇಟ್ ಹೆಬ್ಬೆರಳಿನ ಬುಡಕ್ಕೂ ಹೋಗಿ ಕೂರುತ್ತದೆ. ಉತ್ತರಪತ್ರಿಕೆಯಲ್ಲಿ ಎರಡನೇ ಸಾಲು ಪೂರ್ತಿ ತಿರುಗಿಬಿದ್ದಿದ್ದರೆ ಇದೇ ಕಾರಣ. "ಎಡದಿಂದ ಬಲಕ್ಕೆ" ಎಂದು ಕಲಿತರೂ ಕೆಡುತ್ತದೆ, ಯಾಕೆಂದರೆ ಕೈ ಬದಲಾದರೆ ಅಥವಾ ಮಗುಚಿದರೆ ಎಡಬಲವೂ ಬದಲಾಗುತ್ತದೆ. ಅದಕ್ಕೇ ವಾಕ್ಯವನ್ನು ಎರಡು ಉಸಿರಿನಲ್ಲಿ ಹೇಳಿಸುತ್ತೇನೆ. 'ಸ್ಕೂಲು' ಅನ್ನುವಾಗಲೂ 'ಟ್ರಂಕು' ಅನ್ನುವಾಗಲೂ ಹೆಬ್ಬೆರಳಿನ ಬದಿಯನ್ನು ಇನ್ನೊಂದು ಕೈಯಿಂದ ಮುಟ್ಟಲೇಬೇಕು.

ಇಷ್ಟೆಲ್ಲ ಸರಿಮಾಡಿದ ಮೇಲೂ ವಾಕ್ಯವೇ ಅಡ್ಡಬರುವ ಜಾಗ ಒಂದಿದೆ. ಅದನ್ನು ನಾನು ಒಬ್ಬ ಹುಡುಗ ಎಕ್ಸ್‌ರೇ ಓದುವಾಗ ಸರಿಯಾಗಿ ನೋಡಿದೆ. ಎದುರಿನಿಂದ ತೆಗೆದ ಮಣಿಕಟ್ಟಿನ ಫಿಲಂ. ಹೆಬ್ಬೆರಳಿನ ಬದಿಯಿಂದ ಎಣಿಸಿದ: ಸ್ಕ್ಯಾಫಾಯ್ಡ್, ಲೂನೇಟ್, ಟ್ರೈಕ್ವೆಟ್ರಲ್. ಮೂರೂ ಸರಿ. ನಾಲ್ಕನೆಯದು ಪಿಸಿಫಾರ್ಮ್ ಇರಬೇಕು, ಆದರೆ ಆ ಸಾಲಿನಲ್ಲಿ ಮುಂದೆ ಮೂಳೆಯೇ ಇಲ್ಲ. ಪಕ್ಕದಲ್ಲಿ ಸಿಕ್ಕಿದ ಹ್ಯಾಮೇಟನ್ನೇ ಪಿಸಿಫಾರ್ಮ್ ಎಂದ. ಎರಡನೇ ಸಾಲಿನಲ್ಲಿ ಟ್ರೆಪೀಜಿಯಂ, ಟ್ರೆಪಿಜಾಯ್ಡ್, ಕ್ಯಾಪಿಟೇಟ್ ಸರಿಯಾಗೇ ಬಂದವು. ಆಮೇಲೆ ಹ್ಯಾಮೇಟ್‌ಗೆ ಮೂಳೆ ಉಳಿಯಲಿಲ್ಲ. ಕಿರುಬೆರಳಿನ ಅಂಗೈ ಮೂಳೆಯ ಬುಡವನ್ನು ತೋರಿಸಿ, "ಇದು ಹ್ಯಾಮೇಟ್, ಟೀಚರ್" ಎಂದ.

ಹುಡುಗ ವಾಕ್ಯವನ್ನು ಒಂದಕ್ಷರ ತಪ್ಪದೆ ಹೇಳಿದ್ದ. ಪಿಸಿಫಾರ್ಮ್ ನಿಜವಾಗಿ ಸಾಲಿನ ನಾಲ್ಕನೇ ಮೂಳೆಯಾಗಿ ಪಕ್ಕದಲ್ಲಿ ಕೂತಿಲ್ಲ. ಅದು ಬಟಾಣಿ ಕಾಳಿನಷ್ಟು ಚಿಕ್ಕದು, ಟ್ರೈಕ್ವೆಟ್ರಲ್‌ನ ಮುಂದೆ, ಅಂಗೈಯ ಕಡೆ ಕೂತಿದೆ. ಎದುರಿನ ಫಿಲಂನಲ್ಲಿ ಎರಡರ ನೆರಳೂ ಒಂದರ ಮೇಲೊಂದು ಬೀಳುತ್ತದೆ. ಟ್ರೈಕ್ವೆಟ್ರಲ್ ಮೇಲೆ ದುಂಡಗೆ ಬಿಳಿ ಕಾಣುವುದೇ ಪಿಸಿಫಾರ್ಮ್. ವಾಕ್ಯಕ್ಕೆ ಹಿಂದು ಮುಂದು ಗೊತ್ತಿಲ್ಲ, ಒಂದರ ನಂತರ ಒಂದು ಎನ್ನುವುದಷ್ಟೇ ಗೊತ್ತು.

ಆದ್ದರಿಂದ ಫಿಲಂ ಮುಂದೆ ಎಣಿಕೆ ಬೇಡ ಎನ್ನುತ್ತೇನೆ. ಮೊದಲು ಕ್ಯಾಪಿಟೇಟ್ ಹಿಡಿಯಿರಿ. ಎಂಟರಲ್ಲಿ ದೊಡ್ಡದು, ನಡುವೆ ಇರುವುದು, ನಡುಬೆರಳಿನ ಅಂಗೈ ಮೂಳೆಯ ನೇರಕ್ಕೆ ಸಿಗುತ್ತದೆ. ಅದರ ತಲೆ ಮುಂಗೈ ಕಡೆಗೆ ಒರಗಿರುವುದು ಲೂನೇಟ್‌ಗೆ. ಲೂನೇಟ್‌ನ ಹೆಬ್ಬೆರಳಿನ ಬದಿಗೆ ಸ್ಕ್ಯಾಫಾಯ್ಡ್, ಇನ್ನೊಂದು ಬದಿಗೆ ಟ್ರೈಕ್ವೆಟ್ರಲ್. ಕ್ಯಾಪಿಟೇಟ್‌ನ ಕಿರುಬೆರಳಿನ ಬದಿಗೆ ಹ್ಯಾಮೇಟ್, ಇನ್ನೊಂದು ಬದಿಗೆ ಟ್ರೆಪಿಜಾಯ್ಡ್. ಜೊತೆಗೆ ಸ್ವಂತ ಕೈಯಲ್ಲಿ ಮುಟ್ಟಿಸುತ್ತೇನೆ. ಮಣಿಕಟ್ಟಿನ ಗೆರೆಯ ಹತ್ತಿರ, ಅಂಗೈಯಲ್ಲಿ ಕಿರುಬೆರಳಿನ ಬದಿಗೆ ಗಟ್ಟಿ ಉಬ್ಬು ಸಿಗುತ್ತದೆ. ಅದು ಪಿಸಿಫಾರ್ಮ್. ಹೆಬ್ಬೆರಳನ್ನು ಹಿಂದಕ್ಕೆ ಎತ್ತಿದಾಗ ಬುಡದಲ್ಲಿ ಎರಡು ಸ್ನಾಯುಬಳ್ಳಿಗಳ ನಡುವೆ ಕುಳಿ ಬೀಳುತ್ತದಲ್ಲ, ಅದರ ತಳದಲ್ಲಿ ಸ್ಕ್ಯಾಫಾಯ್ಡ್. ಕೈಯೂರಿ ಬಿದ್ದವರಿಗೆ ಆ ಕುಳಿಯಲ್ಲಿ ಒತ್ತಿದರೆ ನೋವಿದ್ದರೆ, ಮೊದಲ ಫಿಲಂನಲ್ಲಿ ಬಿರುಕು ಕಾಣದಿದ್ದರೂ ಸ್ಕ್ಯಾಫಾಯ್ಡ್ ಮುರಿದಿರಬಹುದು ಎಂದೇ ನೋಡುತ್ತಾರೆ. ಅಲ್ಲಿ 'ಸ್ಕೂಲಿನ ಲೀಲಾ' ಎಂದು ಶುರುಮಾಡಿ ಪ್ರಯೋಜನವಿಲ್ಲ, ಬೆರಳಿಗೇ ಜಾಗ ಗೊತ್ತಿರಬೇಕು.

ಹಾಗಂತ ನೆನಪಿನ ವಾಕ್ಯವೇ ಬೇಡ ಎಂದಲ್ಲ. ತಲೆಯ ಹನ್ನೆರಡು ನರಗಳಿಗೆ ಅದನ್ನು ಕೊನೆಯವರೆಗೂ ಇಟ್ಟುಕೊಳ್ಳಿ ಎನ್ನುತ್ತೇನೆ. ಅಲ್ಲಿ ನಂಬರೇ ಹೆಸರು. ಡಾಕ್ಟರರು "ಏಳನೇ ನರ" ಎಂದರೆ ಫೇಶಿಯಲ್ ಎಂದು ತಿಳಿಯಬೇಕು, ಹಾಗಾಗಿ ಎಣಿಸಿ ತಲುಪುವುದು ಅಲ್ಲಿ ಸರಿಯಾದ ದಾರಿಯೇ. ಮೊದಲ ಮೂರೂ ಇಂಗ್ಲಿಷಿನಲ್ಲಿ 'ಓ' ಅಕ್ಷರದಿಂದ ಶುರುವಾಗುವುದರಿಂದ ಮೊದಲಕ್ಷರದ ವಾಕ್ಯ ಕೈಕೊಡುತ್ತದೆ. ನಾವು "ಅಲ್ಲಿ ಆಪ್ತ ಅಕ್ಕ" ಎನ್ನುತ್ತೇವೆ: ಆಲ್ಫ್ಯಾಕ್ಟರಿ, ಆಪ್ಟಿಕ್, ಆಕ್ಯುಲೊಮೋಟರ್. ಸಂವೇದನೆಯ ನರ ಯಾವುದು, ಚಲನೆಯ ನರ ಯಾವುದು ಎಂಬುದಕ್ಕೆ ಇನ್ನೊಂದು ವಾಕ್ಯ ಪೇರಿಸಲು ನಾನು ಬಿಡುವುದಿಲ್ಲ. ಎರಡು ವಾಕ್ಯ ಒಂದಕ್ಕೊಂದು ಕಲಸಿಹೋಗುತ್ತವೆ. 1, 2, 8 ಸಂವೇದನೆ, 5, 7, 9, 10 ಎರಡೂ, ಉಳಿದದ್ದು ಚಲನೆ. ಅಷ್ಟೇ ಸಾಕು.

ಒಬ್ಬರಿಗೆ ವಾಕ್ಯ ಇನ್ನೂ ನೆರವಾಗುತ್ತಿದೆಯೋ ಅಡ್ಡಿಯಾಗುತ್ತಿದೆಯೋ ಎಂದು ತಿಳಿಯಲು ನಾನು ಮಧ್ಯದಿಂದ ಕೇಳುತ್ತೇನೆ. "ಕ್ಯಾಪಿಟೇಟ್‌ನ ಕಿರುಬೆರಳಿನ ಬದಿಗೆ ಯಾವುದು?" ತುಟಿ ಅಲ್ಲಾಡಲು ಶುರುವಾದರೆ ಅವರು ಮೊದಲಿನಿಂದ ಎಣಿಸುತ್ತಿದ್ದಾರೆ. ಆಮೇಲೆ "ಲೂನೇಟ್ ಮೇಲೆ ಯಾವುದು ಕೂತಿದೆ?" ಎಂದು ಕೇಳುತ್ತೇನೆ. ಈ ಪ್ರಶ್ನೆ ಒಂದು ಸಾಲಿನಿಂದ ಇನ್ನೊಂದಕ್ಕೆ ಹಾರುತ್ತದೆ, ವಾಕ್ಯದಲ್ಲಿ ಉತ್ತರವಿಲ್ಲ. ಸುಮ್ಮನಾದವರಿಗೆ ಬರೀ ಗೆರೆ ಎಳೆದ ಖಾಲಿ ಕೈಚಿತ್ರ ಕೊಟ್ಟು, ವಾಕ್ಯ ಹೇಳದೆ ಕ್ಯಾಪಿಟೇಟ್‌ನಿಂದ ಸುತ್ತಲೂ ಹೆಸರು ತುಂಬಲು ಹೇಳುತ್ತೇನೆ. ತುಂಬಿ ಮುಗಿದ ಮೇಲೆ ಲೀಲಾಳನ್ನು ಕರೆಯಬಹುದು. ಎಂಟೂ ಬಂದಿವೆಯಾ, ಯಾವುದಾದರೂ ಬಿಟ್ಟುಹೋಗಿದೆಯಾ ಎಂದು ತಾಳೆ ನೋಡುವುದಕ್ಕೆ ಅವಳು ಒಳ್ಳೆಯವಳು.